ಕಾಲಮ್ ಫೂಟಿಂಗನ್ನೇ ತೂತು ಮಾಡಿದರೆ?

ಫೂಟಿಂಗ್ ಡಿಸೈನ್ ಅಂದ ತಕ್ಷಣ ನಮಗೆ ನೆನಪಾಗೋದು ಬೆಂಡಿಂಗ್. ಆದರೆ ಫೂಟಿಂಗ್ ತೆಳ್ಳಗಿದ್ದರೆ, ಅದು ಬಾಗೋಕೆ ಮುಂಚೆನೇ ಕಾಲಮ್ ತನ್ನ ಸುತ್ತಲಿನ ಕಾಂಕ್ರೀಟನ್ನು ಕಿತ್ತುಕೊಂಡು ಕೆಳಗೆ ಇಳಿದುಬಿಡಬಹುದು. ಇದೇ ಪಂಚಿಂಗ್ ಶಿಯರ್. ಬೆಂಡಿಂಗ್‌ನಲ್ಲಿ ಸ್ಲ್ಯಾಬ್ ಜಗ್ಗಿ, ಬಿರುಕು ಬಿಟ್ಟು ಮುನ್ಸೂಚನೆ ಕೊಡುತ್ತೆ. ಇದು ಕೊಡಲ್ಲ, ಒಮ್ಮೆಲೇ ಆಗುತ್ತೆ. ಅದೂ ಮಣ್ಣಿನೊಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ.

ಹೀಗೆ ಕಿತ್ತು ಬರುವ ತುಂಡು ನೇರ ಗೋಡೆಯ ಡಬ್ಬಿಯ ಹಾಗಿರಲ್ಲ. ಕಾಲಮ್ ಬುಡದಿಂದ ಬಿರುಕು ಓರೆಯಾಗಿ ಹೊರಕ್ಕೆ ಇಳಿಯೋದರಿಂದ, ಅದು ತಲೆ ಕತ್ತರಿಸಿದ ಪಿರಮಿಡ್ ತರ ಇರುತ್ತೆ. ಓರೆ ಸುಮಾರು 45 ಡಿಗ್ರಿ ಅಂದುಕೊಂಡರೆ, ಎಫೆಕ್ಟಿವ್ ಡೆಪ್ತ್ d ಇಳಿಯುವಷ್ಟರಲ್ಲಿ ಬಿರುಕು d ದೂರ ಹೊರಗೆ ಹೋಗಿರುತ್ತೆ. ಅರ್ಧ ಆಳದಲ್ಲಿ d/2 ದೂರ. IS 456 ಕೂಡ ಕಾಲಮ್ ಮುಖದಿಂದ d/2 ದೂರದಲ್ಲೇ ಕ್ರಿಟಿಕಲ್ ಪೆರಿಮೀಟರ್ ಎಳೆಯೋಕೆ ಹೇಳುತ್ತೆ. ಎರಡೂ ಬದಿಗೆ d/2 ಸೇರೋದರಿಂದ ಚೌಕದ ಬದಿ = ಕಾಲಮ್ ಅಗಲ + d.

ಲೆಕ್ಕ ಮಾಡಿ ನೋಡೋಣ. 2 ಮೀ ಚೌಕದ ಫೂಟಿಂಗ್, ನಡುವೆ 400 ಮಿ.ಮೀ ಚೌಕದ ಕಾಲಮ್, ಫ್ಯಾಕ್ಟರ್ಡ್ ಲೋಡ್ 1200 kN, M20 ಕಾಂಕ್ರೀಟ್. ಮಣ್ಣಿನ ಮೇಲ್ಮುಖ ಒತ್ತಡ 1200/4 = 300 kN/m². ಫೂಟಿಂಗಿನ ಸ್ವಂತ ತೂಕವನ್ನು ಅದರ ಕೆಳಗಿನ ಮಣ್ಣು ನೇರವಾಗಿ ಹೊರುತ್ತೆ, ಹಾಗಾಗಿ ಅದು ಇಲ್ಲಿ ಬರಲ್ಲ.

ಮೊದಲು d = 300 ಮಿ.ಮೀ ಇಡೋಣ. ಚೌಕದ ಬದಿ 700, ಪೆರಿಮೀಟರ್ 2800 ಮಿ.ಮೀ. ಚೌಕದ ಒಳಗಿನ ಮಣ್ಣು 0.7 × 0.7 × 300 = 147 kN ಮೇಲಕ್ಕೆ ತಳ್ಳುತ್ತೆ. ಅಷ್ಟು ಲೋಡ್ ಕಾಲಮ್‌ನಿಂದ ನೇರ ಮಣ್ಣಿಗೆ ಹೋಯ್ತು, ಪೆರಿಮೀಟರ್ ದಾಟಬೇಕಿಲ್ಲ. ದಾಟಬೇಕಾದ್ದು ಉಳಿದ 1053 kN.

ಸ್ಟ್ರೆಸ್ = 1053000 / (2800 × 300) = 1.25 N/mm²

ಚೌಕದ ಕಾಲಮ್‌ಗೆ ಮಿತಿ 0.25√fck, ಅಂದರೆ M20ಗೆ 1.12. ಫೇಲ್!

ಈಗ ಬರೀ 50 ಮಿ.ಮೀ ಸೇರಿಸಿ, d = 350. ಬದಿ 750, ಪೆರಿಮೀಟರ್ 3000, ದಾಟುವ ಲೋಡ್ 1031 kN, ಸ್ಟ್ರೆಸ್ 0.98. ಪಾಸ್. ಡೆಪ್ತ್ ಜಾಸ್ತಿಯಾದದ್ದು ಆರನೇ ಒಂದು ಭಾಗ, ಸ್ಟ್ರೆಸ್ ಇಳಿದದ್ದು ಐದನೇ ಒಂದು ಭಾಗಕ್ಕೂ ಹೆಚ್ಚು. ಯಾಕಂದ್ರೆ d ಜಾಸ್ತಿಯಾದಾಗ ಆಳ ಮಾತ್ರ ಅಲ್ಲ, ಪೆರಿಮೀಟರೂ ಬೆಳೆಯುತ್ತೆ, ದಾಟುವ ಲೋಡೂ ಸ್ವಲ್ಪ ಕಡಿಮೆಯಾಗುತ್ತೆ. ಫೂಟಿಂಗಿಗೆ ಶಿಯರ್ ಕಂಬಿ ಕಟ್ಟೋ ಬದಲು ಸಾಮಾನ್ಯವಾಗಿ ದಪ್ಪವನ್ನೇ ಹೆಚ್ಚಿಸೋದು ಇದಕ್ಕೇ.

ಆದರೆ d ಅಂದರೆ ಸೈಟಲ್ಲಿ ಟೇಪ್ ಹಿಡಿದು ಅಳೆಯೋ ಒಟ್ಟು ದಪ್ಪ ಅಲ್ಲ. 50 ಮಿ.ಮೀ ಕವರ್, ಎರಡು ದಿಕ್ಕಿಗೂ 12 ಮಿ.ಮೀ ಕಂಬಿ ಇದ್ದರೆ, ಸರಾಸರಿ d = 350 ಸಿಗೋಕೆ ಒಟ್ಟು 412 ಬೇಕು; 425 ಹಾಕೋದು ವಾಸಿ. ಡ್ರಾಯಿಂಗಲ್ಲಿ 350 ಅನ್ನೋದನ್ನೇ ಒಟ್ಟು ದಪ್ಪ ಅಂತ ಓದಿಕೊಂಡು ಕಾಂಕ್ರೀಟ್ ಹಾಕಿದರೆ ನಿಜವಾದ d 288 ಮಾತ್ರ. ಅಂದರೆ ಮೇಲೆ ಫೇಲ್ ಆದ ಫೂಟಿಂಗಿಗಿಂತಲೂ ತೆಳು.

ಇದು ಕಾಲಮ್ ನಟ್ಟನಡುವೆ ಇದ್ದು, ಮೊಮೆಂಟ್ ಇಲ್ಲದಿದ್ದಾಗಿನ ಲೆಕ್ಕ. ಮೊಮೆಂಟ್ ಇದ್ದರೆ ಒಂದು ಬದಿಯಲ್ಲಿ ಸ್ಟ್ರೆಸ್ ಏರುತ್ತೆ. ಇನ್ನು ಪಂಚಿಂಗ್ ಪಾಸಾಯ್ತು ಅಂತ ಒನ್-ವೇ ಶಿಯರ್ ಬಿಡೋ ಹಾಗಿಲ್ಲ. ಅದನ್ನು ಕಾಲಮ್ ಮುಖದಿಂದ d ದೂರದಲ್ಲಿ ನೋಡಬೇಕು, d/2ನಲ್ಲಿ ಅಲ್ಲ. ನಮ್ಮ ಫೂಟಿಂಗಿಗೆ ಅಲ್ಲಿ 0.39 N/mm² ಬರುತ್ತೆ. M20ಯಲ್ಲಿ 0.25% ಕಂಬಿಗೆ ಸಿಗೋದು 0.36 ಮಾತ್ರ, ಆದ್ದರಿಂದ ಕಂಬಿಯನ್ನು ಸ್ವಲ್ಪ ಹೆಚ್ಚಿಸಲೇಬೇಕು.