ಬಣ್ಣ ಬಿಟ್ಟ ಲಂಗ, ಚಿಕ್ಕಪೇಟೆಗೊಂದು ಪತ್ರ

ಹಿರಿಯೂರಿನಂಥ ಊರಿನಲ್ಲಿ ಹೆಣ್ಣುಮಗಳೊಬ್ಬರು ನಡೆಸುವ ಸಣ್ಣ ಬಟ್ಟೆ ಅಂಗಡಿ ಇದೆ ಎಂದುಕೊಳ್ಳೋಣ. ಜೂನ್ ಮೊದಲ ವಾರ ಬೆಂಗಳೂರಿನ ಚಿಕ್ಕಪೇಟೆಯ ಸಗಟು ಅಂಗಡಿಯಿಂದ ಅವರು 20 ಡಜನ್ ಸೀರೆ ಲಂಗ ತರಿಸಿದ್ದಾರೆ. ಒಂದಕ್ಕೆ 110 ರೂಪಾಯಿ, ಶೇ 5 ಜಿಎಸ್‌ಟಿ ಸೇರಿ ಬಿಲ್ಲು 27,720 ರೂಪಾಯಿ, ತಿಂಗಳ ಉದ್ರಿ. ಎಂಟು ದಿನ ಕಳೆಯುವಷ್ಟರಲ್ಲಿ ಮರೂನ್ ಲಂಗ ಕೊಂಡ ನಾಲ್ವರು ವಾಪಸ್ ಬಂದರು. ಮಳೆಯಲ್ಲಿ ನೆನೆದಾಗ ಲಂಗದ ಬಣ್ಣ ಸೀರೆಗೆ ಹತ್ತಿದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಫೋನು. "ನಿಮ್ಮ ಮಾಲು ಸರಿಯಿಲ್ಲ" ಎಂದು ಇವರು, "ಮುಂದಿನ ಸಲ ನೋಡೋಣ" ಎಂದು ಅವರು. ಆ ಮುಂದಿನ ಸಲ ಬರುವುದೇ ಇಲ್ಲ. ಗ್ರಾಹಕರ ವೇದಿಕೆಗೆ ಹೋಗಬಹುದಲ್ಲ ಎನಿಸುತ್ತದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಮರುಮಾರಾಟಕ್ಕೆಂದು ಸರಕು ಕೊಂಡವರನ್ನು ಗ್ರಾಹಕರೆಂದು ಒಪ್ಪುವುದಿಲ್ಲ. ಲಂಗ ಕೊಂಡ ಆ ನಾಲ್ವರು ಗ್ರಾಹಕರು, ಅಂಗಡಿಯವರು ಅಲ್ಲ. ಅವರಿಗಿರುವುದು 1930ರ ಸರಕು ಮಾರಾಟ ಕಾಯ್ದೆ. ಏಳು ಸಾವಿರ ರೂಪಾಯಿಗಾಗಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುವವರು ಯಾರು? ಹಾಗಾಗಿ ಇವರ ಕೈಯಲ್ಲಿರುವ ನಿಜವಾದ ಸಾಧನ ಒಂದು ಪತ್ರ.

ಆ ಪತ್ರವನ್ನು ಓದುವವರು ಸಗಟು ವ್ಯಾಪಾರಿಯೊಬ್ಬರೇ ಅಲ್ಲ. ಅವರು ಲಂಗ ಹೊಲಿದವರೂ ಅಲ್ಲ, ಬಣ್ಣ ಹಾಕಿದವರೂ ಅಲ್ಲ. ಬದಲಿ ಮಾಲು ಕೊಟ್ಟು ಕೈಸುಟ್ಟುಕೊಳ್ಳಬಾರದೆಂದರೆ ಅವರೂ ತಯಾರಕರ ಹತ್ತಿರ ಹೋಗಿ ಕೇಳಬೇಕು. ನಿಮ್ಮ ಅಂಗಡಿಯನ್ನೇ ನೋಡದ ಆ ಮೂರನೆಯವರ ಮುಂದೆ ಇಟ್ಟರೂ ಅರ್ಥವಾಗುವಂತೆ ಪತ್ರ ಇರಬೇಕು. ಕೋಪವನ್ನು ಅವರಿಗೆ ದಾಟಿಸಿ ಪ್ರಯೋಜನವಿಲ್ಲ, ಪುರಾವೆಯನ್ನು ದಾಟಿಸಬಹುದು.

ಪುರಾವೆ ಸಿಗಬೇಕಾದರೆ ದೋಷ ಎಲ್ಲಿಂದ ಬಂತೆಂದು ತಿಳಿದಿರಬೇಕು. ಹತ್ತಿಬಟ್ಟೆಗೆ ಬಣ್ಣ ಹಾಕಿದಾಗ ಅಷ್ಟೂ ನೂಲಿಗೆ ಅಂಟಿಕೊಳ್ಳುವುದಿಲ್ಲ. ಅಂಟದೆ ಉಳಿದದ್ದನ್ನು ಬಿಸಿನೀರು, ಸೋಪು ಹಾಕಿ ಮತ್ತೆ ಮತ್ತೆ ತೊಳೆದು ತೆಗೆಯಬೇಕು. ಮರೂನ್‌ನಂಥ ಗಾಢ ಬಣ್ಣಕ್ಕೆ ಹೆಚ್ಚು ಬಣ್ಣದ ಪುಡಿ ಬೇಕು, ಹಾಗಾಗಿ ತೊಳೆಯುವುದೂ ಹೆಚ್ಚು. ನೀರು, ಸೌದೆ, ಸಮಯ ಉಳಿಸಲು ಒಂದೆರಡು ತೊಳೆತ ಬಿಟ್ಟರೆ ಆ ಬಣ್ಣ ಬಟ್ಟೆಯಲ್ಲೇ ಕುಳಿತು, ಒದ್ದೆಯಾದ ಕೂಡಲೇ ಹೊರಬರುತ್ತದೆ. ಬಣ್ಣ ಹಾಕುವುದು ಒಂದೊಂದು ಸರದಿಯಲ್ಲಾದ್ದರಿಂದ ದೋಷವೂ ಸಾಮಾನ್ಯವಾಗಿ ಆ ಸರದಿಯ ಇಡೀ ಮಾಲಿಗೆ ತಗಲುತ್ತದೆ. ಅದನ್ನೇ ವ್ಯಾಪಾರದಲ್ಲಿ ಲಾಟ್ ಎನ್ನುವುದು.

ಸಗಟು ವ್ಯಾಪಾರಿಯ ಮೊದಲ ಉತ್ತರ ಏನಿರುತ್ತದೆಂದು ಬಟ್ಟೆ ಮಾರುವವರಿಗೆಲ್ಲ ಗೊತ್ತು: "ಡಾರ್ಕ್ ಕಲರ್ ಮೊದಲ ಸಲ ಸ್ವಲ್ಪ ಬಿಡುತ್ತದೆ ಅಮ್ಮ." ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದ್ದರಿಂದ ಬಣ್ಣ ಬಿಡುತ್ತದೆ ಎಂದಷ್ಟೇ ಬರೆದರೆ ಸಾಲದು, ಹೋಲಿಸಿ ತೋರಿಸಬೇಕು. ಬಿಳಿ ಹತ್ತಿಬಟ್ಟೆಯ ತುಂಡನ್ನು ಬರಿ ನೀರಿನಲ್ಲಿ ಅದ್ದಿ ಹಿಂಡಿ, ಲಂಗದ ಒಳಮಡಿಕೆಯ ಮೇಲೆ ಹತ್ತು ಸಲ ಉಜ್ಜಿ. ಬಿಚ್ಚದ ಪ್ರತಿ ಡಜನ್ ಕಟ್ಟಿನಿಂದಲೂ ಒಂದೊಂದು ತೆಗೆದು ಹೀಗೆ ಮಾಡಿ. ಆಮೇಲೆ ಅದೇ ಬಿಲ್ಲಿನ ಬಾಟಲ್ ಗ್ರೀನ್ ಲಂಗಕ್ಕೂ, ಹಿಂದಿನ ಲಾಟಿನ ಮರೂನ್ ಉಳಿದಿದ್ದರೆ ಅದಕ್ಕೂ ಮಾಡಿ. ಅವುಗಳ ತುಂಡು ಹೆಚ್ಚುಕಡಿಮೆ ಬೆಳ್ಳಗಿದ್ದು ಇದರದ್ದು ಕೆಂಪಾದರೆ, ನೀರಿನ ದೋಷ, ಸೋಪಿನ ದೋಷ, ಗಾಢ ಬಣ್ಣದ ಗುಣ ಎಂಬ ಮೂರು ಮಾತಿಗೂ ಉತ್ತರ ಸಿಕ್ಕಂತೆ. ತುಂಡುಗಳನ್ನು ಒಣಗಿಸಿ, ಯಾವುದು ಯಾವ ಕಟ್ಟಿನದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಡಿ. ಉಳಿದ ಮಾಲನ್ನು ತೊಳೆಯಬೇಡಿ, ಕಟ್ಟಿನ ಚೀಟಿ ಎಸೆಯಬೇಡಿ, ಮುಖ್ಯವಾಗಿ ಮಾರುವುದನ್ನು ನಿಲ್ಲಿಸಿ.

ನಿಲ್ಲಿಸಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸಮಂಜಸ ಕಾಲ ಮೀರಿ ಸುಮ್ಮನಿದ್ದರೆ, ಅಥವಾ ಮಾಲು ತಮ್ಮದೇ ಎಂಬಂತೆ ಮಾರುತ್ತಾ ಹೋದರೆ, ಕೊಂಡವರು ಅದನ್ನು ಒಪ್ಪಿಕೊಂಡರೆಂದೇ ಕಾಯ್ದೆಯ 42ನೇ ಕಲಂ ಎಣಿಸುತ್ತದೆ. ದೋಷ ತಿಳಿದ ಮೇಲೂ ಮಾರಿದರೆ ಗ್ರಾಹಕರಿಗೆ ಮಾಡುವ ಅನ್ಯಾಯ ಬೇರೆ. "ಬಂದ ದಿನವೇ ನೋಡಿಕೊಳ್ಳಬೇಕಿತ್ತು" ಎಂಬ ಮಾತಿಗೆ 16ನೇ ಕಲಂ ಆಸರೆಯಾಗುತ್ತದೆ. ಪರೀಕ್ಷಿಸಿದಾಗ ಕಾಣಬೇಕಿದ್ದ ದೋಷಕ್ಕೆ ಕೊಂಡವರು ಹೊಣೆ, ಆದರೆ ಕಣ್ಣಿಗೆ ಬೀಳದೆ ಒಳಗೇ ಅಡಗಿರುವ ದೋಷ ಬೇರೆ. ಒಣ ಲಂಗವನ್ನು ಎಷ್ಟು ನೋಡಿದರೂ ಅದು ಬಣ್ಣ ಬಿಡುತ್ತದೆಂದು ಕಾಣುವುದಿಲ್ಲ.

ಇನ್ನು ಲೆಕ್ಕ. ಬಂದ ಮರೂನ್ 6 ಡಜನ್, ಅಂದರೆ 72. ಮಾರಿದ್ದು 9, ಉಳಿದದ್ದು 63, ವಾಪಸ್ ಬಂದದ್ದು 4. ಅಂಗಡಿಯಲ್ಲಿರುವುದು 67. ಪತ್ರ ಹೀಗಿರಬಹುದು:

"ಮಾನ್ಯರೇ,

ತಮ್ಮ ಬಿಲ್ಲು ಸಂಖ್ಯೆ ......, ತಾರೀಕು ಜೂನ್ 3. ಲಾರಿ ರಶೀದಿ ಸಂಖ್ಯೆ ....... ಮಾಲು ನಮಗೆ ತಲುಪಿದ್ದು ಜೂನ್ 6.

ಇದರಲ್ಲಿ ಬಂದ 72 ಮರೂನ್ ಲಂಗಗಳು (ಲಾಟ್ ......) ಒದ್ದೆಯಾದರೆ ಬಣ್ಣ ಬಿಡುತ್ತಿವೆ. ಜೂನ್ 14ರಂದು ಮೊದಲ ದೂರು ಬಂತು, ಅಂದೇ ಮಾರಾಟ ನಿಲ್ಲಿಸಿದ್ದೇವೆ. ಬಿಚ್ಚದ ಐದು ಕಟ್ಟುಗಳಿಂದ ಒಂದೊಂದನ್ನು ಒದ್ದೆ ಬಿಳಿಬಟ್ಟೆಯಲ್ಲಿ ಉಜ್ಜಿ ನೋಡಿದೆವು. ಐದೂ ಬಣ್ಣ ಬಿಟ್ಟವು. ಇದೇ ಬಿಲ್ಲಿನ ಬಾಟಲ್ ಗ್ರೀನ್ ಲಂಗ ಬಿಡಲಿಲ್ಲ. ಬಟ್ಟೆತುಂಡು, ಕಟ್ಟಿನ ಚೀಟಿಯ ಫೋಟೊ, ಒಂದು ಲಂಗ ಇದರೊಂದಿಗಿವೆ.

ನಮ್ಮಲ್ಲಿರುವ 67 ಲಂಗಗಳಿಗೆ ಬೇರೆ ಲಾಟಿನ ಮಾಲು ಕೊಡಬೇಕೆಂದು ಕೋರುತ್ತೇವೆ. ಅದು ಇಲ್ಲದಿದ್ದರೆ ಜಿಎಸ್‌ಟಿ ಸೇರಿ 7,738.50 ರೂಪಾಯಿಗೆ ಕ್ರೆಡಿಟ್ ನೋಟ್ ಕೊಡಿ. ಉಳಿದ ಮಾಲು ಚೆನ್ನಾಗಿದೆ, ಅದರ 19,981.50 ರೂಪಾಯಿಯನ್ನು ವಾಯಿದೆಯ ದಿನವೇ ಕಳಿಸುತ್ತೇವೆ. ದೋಷದ ಮಾಲನ್ನು ತೆಗೆದಿಟ್ಟಿದ್ದೇವೆ. ಯಾವ ಲಾರಿ ಕಚೇರಿಗೆ ಹಾಕಬೇಕು, ಬಾಡಿಗೆ ತಾವು ಕೊಡುವಿರಾ ಎಂಬುದನ್ನು ಜೂನ್ 26ರೊಳಗೆ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ"

ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 19,981.50 ರೂಪಾಯಿಯ ಸಾಲು. ಸಿಟ್ಟಿನಲ್ಲಿ ಇಡೀ ಬಿಲ್ಲಿನ ಹಣ ತಡೆಹಿಡಿಯುವವರೇ ಹೆಚ್ಚು. ಆಗ ಜಗಳ ಲಂಗದ ಮೇಲಿಂದ ಬಾಕಿಯ ಮೇಲೆ ಹೊರಳಿ, "ದುಡ್ಡು ಕೊಡಲಾಗದೆ ನೆಪ ಹೇಳುತ್ತಿದ್ದಾರೆ" ಎನ್ನಲು ಎದುರಿನವರಿಗೆ ದಾರಿಯಾಗುತ್ತದೆ. ಒಳ್ಳೆಯ ಮಾಲಿನ ಹಣ ಬಂದೇ ಬರುತ್ತದೆ ಎಂದಾದರೆ ಆ ಮಾತಿಗೆ ಎಡೆಯೇ ಇಲ್ಲ. 72 ಅಲ್ಲ, 67 ಎಂದು ಕೇಳಿದ್ದೂ ಹಾಗೆಯೇ. ಕೈಯಲ್ಲಿಲ್ಲದ ಐದಕ್ಕೆ ಬದಲಿ ಕೇಳಿದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ಆ ಐದು ವಾಪಸ್ ಬಂದರೆ ಇನ್ನೊಂದು ಚೀಟಿ ಬರೆಯಬಹುದು. ಗ್ರಾಹಕರ ಹಾಳಾದ ಸೀರೆಯ ಪರಿಹಾರವನ್ನೂ ಇದರಲ್ಲಿ ತುರುಕಬಾರದು. ಸೀರೆಯ ಬೆಲೆಯ ವಾದ ಬೇಗ ಮುಗಿಯುವಂಥದ್ದಲ್ಲ, ಅದರ ಜೊತೆ ಬದಲಿ ಮಾಲೂ ನಿಂತುಬಿಡುತ್ತದೆ.

ಪತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೂ ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ ರಶೀದಿಯನ್ನು ಬಿಲ್ಲಿಗೆ ಪಿನ್ ಮಾಡಿಡಿ. ಉತ್ತರ ಬರುವ ಮುನ್ನವೇ ಗಂಟು ಕಟ್ಟಿ ಲಾರಿಗೆ ಹಾಕಬೇಡಿ. ಆ ಕಡೆ ಬಿಡಿಸಿಕೊಳ್ಳದಿದ್ದರೆ ಮಾಲು ಗೋದಾಮಿನಲ್ಲಿ ಕೊಳೆಯುತ್ತದೆ, ಅದರ ಬಾಡಿಗೆಯೂ ನಿಮ್ಮ ತಲೆಗೆ ಬರುತ್ತದೆ. ಸರಕನ್ನು ನಿರಾಕರಿಸುವ ಹಕ್ಕಿದ್ದಾಗ ಹಾಗೆಂದು ತಿಳಿಸಿದರೆ ಸಾಕು, ಬೇರೆ ಒಪ್ಪಂದವಿಲ್ಲದಿದ್ದರೆ ಅದನ್ನು ಹೊತ್ತು ಕಳಿಸುವ ಹೊಣೆ ಕೊಂಡವರದ್ದಲ್ಲ ಎಂದು 43ನೇ ಕಲಂ ಹೇಳುತ್ತದೆ.

ಸಗಟು ವ್ಯಾಪಾರಿ ಪೂರ್ತಿ ಬದಲಿ ಕೊಡದೆ, ಅರ್ಧ ಬೆಲೆ ಮುರಿದುಕೊಂಡು ಮಾರಿಬಿಡಿ ಎನ್ನುವುದೂ ಉಂಟು. ಕುಪ್ಪಸದ ಬಟ್ಟೆಯಲ್ಲಿ ನೇಯ್ಗೆಯ ಗೆರೆ ಬಿದ್ದಿದ್ದರೆ ಅದು ಒಪ್ಪಬಹುದಾದ ಮಾತು, ಕೊಳ್ಳುವವರಿಗೆ ತೋರಿಸಿಯೇ ಕಡಿಮೆಗೆ ಕೊಡಬಹುದು. ಬಣ್ಣ ಬಿಡುವ ಲಂಗಕ್ಕೆ ಅದು ಸಲ್ಲದು. ಅದನ್ನು ಅರವತ್ತು ರೂಪಾಯಿಗೆ ಕೊಂಡವರ ಸೀರೆಯೂ ಕೆಂಪಾಗುತ್ತದೆ. ಬದಲಿ ಒಪ್ಪಿಕೊಂಡರೆ ಮೊದಲು ಹೊಸ ಲಾಟಿನ ಒಂದು ಲಂಗ ತರಿಸಿ, ಅದೇ ಬಿಳಿ ತುಂಡಿನ ಪರೀಕ್ಷೆ ಮಾಡಿ, ಆಮೇಲೆ ಉಳಿದದ್ದನ್ನು ಕಳಿಸಲು ಹೇಳಿ.