ಹೊಸ ಹೋಟೆಲಿನ ಮೊದಲ ಪೋಸ್ಟ್

ಬಡಾವಣೆಗೆ ಹೊಸ ಹೋಟೆಲ್ ಬರುತ್ತಿದೆ ಎಂಬ ಸುದ್ದಿ ಮೊಬೈಲಿಗೆ ಬರುವ ಮೊದಲೇ ಅಕ್ಕಪಕ್ಕದವರಿಗೆ ತಲುಪಿರುತ್ತದೆ. ಗ್ರಾನೈಟ್ ಇಳಿಸಿದ್ದನ್ನು, ಚಿಮಣಿ ಕೂರಿಸಿದ್ದನ್ನು ಬೆಳಗಿನ ವಾಕಿಂಗ್‌ನವರು ನೋಡಿರುತ್ತಾರೆ. ಅವರಿಗೆ ಬೇಕಾಗಿರುವುದು ಇಷ್ಟೇ: ಯಾವತ್ತಿನಿಂದ, ಎಷ್ಟು ಹೊತ್ತಿಗೆ, ಏನು ಸಿಗುತ್ತೆ, ಎಷ್ಟಾಗುತ್ತೆ. ಆದರೆ ಹೆಚ್ಚಿನ ಆರಂಭದ ಪೋಸ್ಟ್‌ಗಳು ‘ತಮ್ಮೆಲ್ಲರ ಆಶೀರ್ವಾದದೊಂದಿಗೆ’ ಎಂದು ಶುರುವಾಗಿ, ರುಚಿ ಶುಚಿಯ ಹೊಗಳಿಕೆ ಮುಗಿಸಿ ದಿನಾಂಕಕ್ಕೆ ಬರುವಷ್ಟರಲ್ಲಿ ಇನ್‌ಸ್ಟಾಗ್ರಾಂ ಉಳಿದದ್ದನ್ನು ಮಡಚಿಟ್ಟಿರುತ್ತದೆ. ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ. ಉಳಿದದ್ದನ್ನು ಒತ್ತಿ ಓದುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಮೈಸೂರಿನ ಕುವೆಂಪುನಗರದಲ್ಲಿ ಹನ್ನೆರಡು ಟೇಬಲ್ಲಿನ ಹೋಟೆಲ್ ಒಂದು ಶುರುವಾಗುತ್ತಿದೆ ಎಂದು ಇಟ್ಟುಕೊಳ್ಳೋಣ. ಆಷಾಢ ಕಳೆಯಲಿ ಎಂದು ಕಾದು, ಶ್ರಾವಣದಲ್ಲಿ ಬಾಗಿಲು ತೆರೆಯುತ್ತಿದ್ದಾರೆ. ಅವರ ಪೋಸ್ಟ್ ಹೀಗಿರಬಹುದು:

“ಆಗಸ್ಟ್ 14, ಶುಕ್ರವಾರ ಸಂಜೆ 5ಕ್ಕೆ ಶುರು. ಕುವೆಂಪುನಗರ, ನೀರಿನ ಟ್ಯಾಂಕ್ ಎದುರಿನ ರಸ್ತೆ, ಮೆಡಿಕಲ್ ಸ್ಟೋರ್ ಪಕ್ಕ. ಸಸ್ಯಾಹಾರ ಮಾತ್ರ, ಬಾರ್ ಇಲ್ಲ. ಮಸಾಲೆ ದೋಸೆ 84, ಊಟ 147 ರೂಪಾಯಿ, ತೆರಿಗೆ ಸೇರಿ. ಈರುಳ್ಳಿ ಬೆಳ್ಳುಳ್ಳಿ ಹಾಕದ ಸಾಂಬಾರ್ ಪ್ರತಿದಿನ ಇರುತ್ತದೆ. ಒಳಗೆ ಬರಲು ಮೆಟ್ಟಿಲಿಲ್ಲ. ಕಾರು ನಾಲ್ಕೇ ನಿಲ್ಲುತ್ತವೆ, ಹತ್ತಿರದವರು ನಡೆದೇ ಬನ್ನಿ. ಮೊದಲ ವಾರ ಪಾರ್ಸಲ್ ಇಲ್ಲ.”

‘ಇದೇ ಶುಕ್ರವಾರ’ ಎಂದು ಬರೆಯದೆ ತಾರೀಖನ್ನೇ ಹಾಕಿರುವುದಕ್ಕೆ ಕಾರಣವಿದೆ. ವಾಟ್ಸ್‌ಆ್ಯಪ್ ಗುಂಪಿನಿಂದ ಗುಂಪಿಗೆ ದಾಟುತ್ತಾ ಹೋಗುವ ಸಂದೇಶಕ್ಕೆ ಯಾವ ಶುಕ್ರವಾರ ಎಂಬುದು ಮೂರನೆಯ ಮನೆಗೆ ಹೋಗುವಾಗ ತಿಳಿಯುವುದಿಲ್ಲ. ‘ಬಾರ್ ಇಲ್ಲ’ ಎಂಬ ಮಾತಿಗೂ ಕಾರಣವಿದೆ. ನಮ್ಮಲ್ಲಿ ಬಾರುಗಳ ಬೋರ್ಡಿನಲ್ಲೂ ‘ಫ್ಯಾಮಿಲಿ ರೆಸ್ಟೋರೆಂಟ್’ ಎಂದಿರುತ್ತದೆ. ಅಜ್ಜಿಯನ್ನೂ ಮಗುವನ್ನೂ ಕರೆದುಕೊಂಡು ಹೊರಟವರು ಬಾಗಿಲಲ್ಲಿ ನಿಂತು ಅನುಮಾನಿಸುವಂತಾಗಬಾರದು. ಬಾರ್ ಇದ್ದರೆ ಅದನ್ನೂ ಹೇಳಿ, ಮನೆಯವರಿಗೆ ಬೇರೆ ಹಾಲ್ ಇದೆಯೇ ಎಂದು ತಿಳಿಸುವುದೇ ನೇರವಾದ ದಾರಿ.

ಬೆಲೆಯ ಲೆಕ್ಕ ಸುಲಭ. ಲಾಡ್ಜಿಗೆ ಸೇರದ ಮಾಮೂಲಿ ಹೋಟೆಲಿಗೆ ಜಿಎಸ್‌ಟಿ ಶೇ 5. ಎಸಿ ಇದ್ದರೂ ಇಲ್ಲದಿದ್ದರೂ ಅಷ್ಟೇ. 80ರ ದೋಸೆ ಬಿಲ್ಲಿನಲ್ಲಿ 84 ಆಗುತ್ತದೆ. ಪೋಸ್ಟಿನಲ್ಲಿ 80 ನೋಡಿ ಬಂದವರಿಗೆ ನಾಲ್ಕು ರೂಪಾಯಿ ದೊಡ್ಡದಲ್ಲ, ಆದರೆ ಹೇಳಿದ್ದೊಂದು ಹಾಕಿದ್ದೊಂದು ಎಂಬ ಮಾತು ಬೀದಿ ತುಂಬಾ ಓಡಾಡುತ್ತದೆ.

ಆರಂಭದ ಆಫರ್ ವಿಚಾರದಲ್ಲಿ ಎಡವುವವರೇ ಹೆಚ್ಚು. ‘ಮೊದಲ ದಿನ ದೋಸೆ ಅರ್ಧ ಬೆಲೆ’ ಎಂದು ಹಾಕಿದರೆ ಏನಾಗುತ್ತದೆ ನೋಡಿ. ಹನ್ನೆರಡು ಟೇಬಲ್ ಅಂದರೆ ನಲವತ್ತೆಂಟು ಕುರ್ಚಿ. ಒಂದು ಕುಟುಂಬ ಕೂತು, ತಿಂದು, ಬಿಲ್ ಕೊಟ್ಟು ಏಳುವುದಕ್ಕೆ ಸುಮಾರು ಒಂದು ಗಂಟೆ. ರಾತ್ರಿ ಏಳರಿಂದ ಹತ್ತರವರೆಗೆ ಮೂರು ಪಂಕ್ತಿ. ನಾಲ್ವರ ಟೇಬಲ್ಲಿಗೆ ಮೂವರು ಕೂರುವುದನ್ನೂ ಲೆಕ್ಕಕ್ಕೆ ಹಿಡಿದರೆ ನೂರ ಹತ್ತು ಜನ ದಾಟುವುದು ಕಷ್ಟ. ಅರ್ಧ ಬೆಲೆ ಅಂದಮೇಲೆ ಎಲ್ಲರೂ ದೋಸೆಯನ್ನೇ ಕೇಳುತ್ತಾರೆ, ಒಬ್ಬೊಬ್ಬರು ಎರಡೆರಡು. ಆರು ದೋಸೆ ಹಿಡಿಯುವ ಕಾವಲಿಯಿಂದ ನಾಲ್ಕು ನಿಮಿಷಕ್ಕೊಮ್ಮೆ ಒಂದು ಸರದಿ ಇಳಿದರೂ ಗಂಟೆಗೆ ತೊಂಬತ್ತೇ. ಹೊಸ ಒಲೆ, ಹೊಸ ಭಟ್ಟರು. ಆ ವೇಗವೂ ಮೊದಲ ರಾತ್ರಿ ಸಿಗುವುದಿಲ್ಲ. ಅವಸರದಲ್ಲಿ ಕಾವಲಿಯ ಕಾವು ಇಳಿದು ದೋಸೆ ಬಿಳಚಿಕೊಳ್ಳುತ್ತದೆ, ಆ ದೋಸೆಯ ಫೋಟೋ ಅದೇ ರಾತ್ರಿ ಗೂಗಲ್ ಮ್ಯಾಪಿನಲ್ಲಿ ಒಂದು ನಕ್ಷತ್ರದೊಂದಿಗೆ ಏರುತ್ತದೆ.

ಅನುಭವಸ್ಥರು ಇದಕ್ಕೆ ಪಾಯಸದ ಉಪಾಯ ಮಾಡುತ್ತಾರೆ: ಏನೇ ತಿಂದರೂ ಒಂದು ಬಟ್ಟಲು ಪಾಯಸ ಉಚಿತ. ಪಾಯಸ ಮಧ್ಯಾಹ್ನವೇ ಪಾತ್ರೆಯಲ್ಲಿ ಸಿದ್ಧವಾಗಿರುತ್ತದೆ, ಕಾವಲಿಯ ಮೇಲೆ ಒಂದು ಗುಲಗಂಜಿಯಷ್ಟೂ ಹೊರೆ ಬೀಳುವುದಿಲ್ಲ. ಪೋಸ್ಟ್ ಹಾಕುವ ಮೊದಲೇ ಎರಡು ಸಂಜೆ ಪಕ್ಕದ ಬೀದಿಯವರನ್ನಷ್ಟೇ ಮನೆಮನೆಗೆ ಹೋಗಿ ಕರೆದು ಬಡಿಸಿದರೆ, ಸಾಂಬಾರಿಗೆ ಹುಳಿ ಜಾಸ್ತಿಯಾಗಿದ್ದು, ಸಪ್ಲೈಯರ್‌ಗೆ ಟೇಬಲ್ ನಂಬರ್ ಗೊಂದಲವಾದದ್ದು ಅಲ್ಲೇ ತಿಳಿದುಹೋಗುತ್ತದೆ.

ಫೋಟೋ ಸ್ವಂತದ್ದೇ ಇರಲಿ. ಇಂಟರ್ನೆಟ್ಟಿನಿಂದ ಇಳಿಸಿದ ದೋಸೆಗೂ ತಟ್ಟೆಗೆ ಬಂದ ದೋಸೆಗೂ ಬಣ್ಣ ಹೊಂದದಿದ್ದರೆ ಮೈಸೂರಿನವರು ಸುಮ್ಮನೆ ಬಿಡುವವರಲ್ಲ. ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ಹಗಲು ಬೆಳಕಿಗೆ ತೆಗೆದರೆ ಸಾಕು, ಟ್ಯೂಬ್‌ಲೈಟ್ ಕೆಳಗೆ ಚಟ್ನಿ ಹಸಿರಾಗಿ ಕಾಣುತ್ತದೆ.

ತಾರೀಖನ್ನು ಮಾತ್ರ ಆ ಚಿತ್ರದೊಳಗೆ ಬರೆಸಬೇಡಿ. ಕರೆಂಟ್ ಕನೆಕ್ಷನ್ನೋ ಲೈಸೆನ್ಸೋ ತಡವಾಗಿ ಆರಂಭ ಮುಂದಕ್ಕೆ ಹೋಗುವುದು ಈ ವ್ಯಾಪಾರದಲ್ಲಿ ಮಾಮೂಲು. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗಿನ ಬರಹವನ್ನು ಯಾವಾಗ ಬೇಕಾದರೂ ತಿದ್ದಬಹುದು. ಹಾಕಿದ ಚಿತ್ರವನ್ನು ಬದಲಿಸಲಾಗದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ತಿದ್ದಲು ಹದಿನೈದು ನಿಮಿಷ ಅವಕಾಶವಿದೆ, ಅಷ್ಟರಲ್ಲಿ ಬೇರೆಯವರು ಫಾರ್ವರ್ಡ್ ಮಾಡಿಬಿಟ್ಟ ಪ್ರತಿಗಳಲ್ಲಿ ಹಳೇ ತಾರೀಖೇ ಉಳಿಯುತ್ತದೆ. ಹಾಗಾದಾಗ ಹೊಸ ತಾರೀಖನ್ನು ಮೊದಲ ಸಾಲಿನಲ್ಲಿಟ್ಟು ಅದೇ ಗುಂಪುಗಳಿಗೆ ಮತ್ತೆ ಕಳಿಸಿ, ಹಳೇ ತಾರೀಖಿನ ಸಂಜೆ ಬಾಗಿಲ ಬಳಿ ಒಬ್ಬರನ್ನು ನಿಲ್ಲಿಸಬೇಕು.