ಗುರುವಾರ ಮಧ್ಯಾಹ್ನ ಪೌಣೆ ಮೂರಕ್ಕೆ, ಖರೀದಿ ಬಿಲ್ ಸಮೇತ

‘ಜಿಎಸ್‌ಟಿ ಬಗ್ಗೆ ಉಚಿತ ವೆಬಿನಾರ್, ಎಲ್ಲರೂ ತಪ್ಪದೆ ಭಾಗವಹಿಸಿ.’ ಇಂಥ ಸಂದೇಶ ಬಂದರೆ ಹಾರ್ಡ್‌ವೇರ್ ಅಂಗಡಿಯವರು ಓದಿ ಮುಂದಕ್ಕೆ ಸರಿಸಿಬಿಡುತ್ತಾರೆ. ಜಿಎಸ್‌ಟಿಯಲ್ಲಿ ಯಾವುದರ ಬಗ್ಗೆ, ಅದರಿಂದ ತಮಗೇನು ಎಂಬುದಕ್ಕೆ ಅಲ್ಲಿ ಉತ್ತರವೇ ಇಲ್ಲ. ಉಚಿತ ಎಂದ ಮಾತ್ರಕ್ಕೆ ಯಾರೂ ಗಲ್ಲಾಪೆಟ್ಟಿಗೆ ಬಿಟ್ಟು ಏಳುವುದಿಲ್ಲ.

ದಾವಣಗೆರೆಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರೊಬ್ಬರು ತಮ್ಮ ಗ್ರಾಹಕರನ್ನು ಕರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಅಂಗಡಿಯವರ ನಿಜವಾದ ತಲೆನೋವು ‘ಇನ್‌ಪುಟ್’, ಅಂದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ತಮ್ಮ ಬಾಕಿಯಲ್ಲಿ ಕಳೆದುಕೊಳ್ಳುವ ಹಕ್ಕು. 40,000 ರೂಪಾಯಿಯ ಪೇಂಟ್ ತರಿಸಿದರೆ ಶೇ 18ರಂತೆ 7,200 ರೂಪಾಯಿ ತೆರಿಗೆ. ಸಗಟು ವ್ಯಾಪಾರಿ ಆ ಬಿಲ್ಲನ್ನು ತನ್ನ ಜಿಎಸ್‌ಟಿಆರ್-1ರಲ್ಲಿ ತೋರಿಸದೇ ಹೋದರೆ ಅದು ಅಂಗಡಿಯವರ ಜಿಎಸ್‌ಟಿಆರ್-2ಬಿ ಪಟ್ಟಿಗೆ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಇನ್‌ಪುಟ್ ಪಡೆಯುವ ಹಾಗಿಲ್ಲ ಎಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಹೀಗಾಗಿ ಆ 7,200 ರೂಪಾಯಿ ಕೈಯಿಂದ ಕಟ್ಟಿ, ಸಗಟು ವ್ಯಾಪಾರಿಗೆ ಫೋನ್ ಮಾಡಿ, ಮುಂದಿನ ತಿಂಗಳವರೆಗೆ ಕಾಯಬೇಕು.

ವಿಷಯ ಇಷ್ಟು ಕಿರಿದಾದ ಮೇಲೆ ದಿನಾಂಕ ತಾನಾಗಿ ಸಿಗುತ್ತದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಹಿಂದಿನ ತಿಂಗಳ 2ಬಿ ಪಟ್ಟಿ ಸಿದ್ಧವಾಗುವುದು 14ರಂದು. ತೆರಿಗೆ ಕಟ್ಟುವ 3ಬಿಗೆ ಕಡೆಯ ದಿನ 20. ನಡುವಿನ 15, 16ರಂದು ಕರೆದರೆ ಪ್ರತಿಯೊಬ್ಬರೂ ತಮ್ಮದೇ ಪಟ್ಟಿ ತೆರೆದು ಬಿಲ್ ತಾಳೆ ನೋಡಬಹುದು. 5ರಂದು ಕರೆದರೆ ನೋಡಲು ಪಟ್ಟಿಯೇ ಇರುವುದಿಲ್ಲ. 19ರಂದು ಕರೆದರೆ ಅಂಗಡಿಯವರೂ ಅವರ ಲೆಕ್ಕಪತ್ರ ನೋಡುವವರೂ ರಿಟರ್ನ್‌ನ ಗಡಿಬಿಡಿಯಲ್ಲಿರುತ್ತಾರೆ. ಇನ್ನು ಹೊತ್ತು. ಊಟ ಮುಗಿದು ಸಂಜೆಯ ವ್ಯಾಪಾರ ಶುರುವಾಗುವ ಮುಂಚಿನ ಬಿಡುವೇ ಸರಿ.

ಆಗ ಆಹ್ವಾನ ಹೀಗಾಗುತ್ತದೆ: ‘ಮಾರ್ಚ್ ತಿಂಗಳ ಖರೀದಿಯ ಇನ್‌ಪುಟ್ ಪೂರ್ತಿ ಬಂದಿದೆಯೇ? ನಿಮ್ಮ 2ಬಿ ಪಟ್ಟಿಯನ್ನು ಬಿಲ್‌ಗಳೊಂದಿಗೆ ತಾಳೆ ನೋಡುವುದು, ಬಿಟ್ಟುಹೋದ ಬಿಲ್ ಗುರುತಿಸುವುದು, ಸಗಟು ವ್ಯಾಪಾರಿಗೆ ಏನೆಂದು ಬರೆಯಬೇಕು ಎಂಬುದನ್ನು ತೋರಿಸುತ್ತೇವೆ. ಏಪ್ರಿಲ್ 16, ಗುರುವಾರ, ಮಧ್ಯಾಹ್ನ 2.45ರಿಂದ 3.20. ಕನ್ನಡದಲ್ಲಿ, ಉಚಿತ. ಮಾರ್ಚ್ ಬಿಲ್‌ಗಳು ಕೈಯಲ್ಲಿರಲಿ.’ ಇದರ ಕೆಳಗೆ ನೋಂದಣಿಯ ಲಿಂಕ್, ಅದರಡಿ ಅಂಗಡಿಯ ಹೆಸರು ಮತ್ತು ಗ್ರಾಹಕರಿಗೆ ಪರಿಚಯವಿರುವ ಫೋನ್ ನಂಬರ್. ಕಲಿಯುವುದೇನು ಎಂಬ ಭಾಗದಲ್ಲಿ ‘ಸಮಗ್ರ ಮಾಹಿತಿ’ ಎಂದು ಬರೆಯುವವರೇ ಹೆಚ್ಚು. ಅಂಗಡಿಯವರಿಗೆ ಬೇಕಾದದ್ದು ಮೂವತ್ತೈದು ನಿಮಿಷದ ಕೊನೆಗೆ ತಾವು ಮಾಡಬಲ್ಲ ಕೆಲಸದ ಹೆಸರು.

ಮೂವತ್ತೈದೇ ನಿಮಿಷ ಏಕೆಂದರೆ, ಜೂಮ್‌ನ ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಒಳಬರಬಹುದಾದವರೂ 100 ಮಂದಿ ಮಾತ್ರ.

ಕಳಿಸುವ ದಾರಿಯಲ್ಲೂ ಮುಳ್ಳುಗಳಿವೆ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು. ಆದರೆ ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಉಳಿದವರಿಗೆ ಬಂದೇ ಇರುವುದಿಲ್ಲ. ಯಾರೂ ಸ್ಪಂದಿಸಲಿಲ್ಲ ಎಂದು ಕೊರಗುವ ಮುಂಚೆ ಎರಡು ಬೂದು ಟಿಕ್ ಎಷ್ಟು ಜನರಿಗೆ ಬಿದ್ದಿದೆ ಎಂದು ನೋಡಬೇಕು.

ಎಸ್‌ಎಂಎಸ್‌ನ ಲೆಕ್ಕ ಬೇರೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ, ಕನ್ನಡದಲ್ಲಿ 70. ಅದರಲ್ಲೂ ಗುಣಿತ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಜಿಎಸ್‌ಟಿ’ ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರ ಅದನ್ನು ಏಳೆಂದು, ಸಕಾರವನ್ನು ಟಕಾರದಿಂದ ಬಿಡಿಸಿಡುವ ಕಾಣದ ಚಿಹ್ನೆಯೂ ಸೇರಿದರೆ ಎಂಟೆಂದು ಎಣಿಸುತ್ತದೆ. ಮೇಲಿನ ಆಹ್ವಾನವನ್ನು ಹಾಗೇ ಕಳಿಸಿದರೆ ಹಲವು ಸಂದೇಶಗಳ ಖರ್ಚು ಬೀಳುತ್ತದೆ. ಅದಕ್ಕೇ ಎಸ್‌ಎಂಎಸ್‌ನಲ್ಲಿ ವಿಷಯ, ದಿನ, ಹೊತ್ತು, ಲಿಂಕ್ ಇಷ್ಟೇ ಇಟ್ಟು, ಉಳಿದದ್ದನ್ನು ನೋಂದಣಿ ಪುಟದಲ್ಲಿ ಹೇಳುವುದು ಜಾಣತನ. ಟ್ರಾಯ್ ನಿಯಮದಂತೆ ಸಂದೇಶದ ಮಾದರಿಯನ್ನು ಮೊದಲೇ ನೋಂದಾಯಿಸಿರಬೇಕು. ಅನುಮತಿ ಪಡೆಯದ ಲಿಂಕ್ ಇರುವ ವ್ಯಾಪಾರಿ ಸಂದೇಶಗಳನ್ನು 2024ರ ಅಕ್ಟೋಬರ್‌ನಿಂದ ತಡೆಹಿಡಿಯಲಾಗುತ್ತಿದೆ.

ಲಿಂಕ್ ಒತ್ತಲು ಜನ ಹೆದರುತ್ತಾರೆ, ಹೆದರಬೇಕಾದದ್ದೇ. ಮೊಟಕುಗೊಳಿಸಿದ ವಿಳಾಸದಲ್ಲಿ ಯಾರ ಮನೆಬಾಗಿಲು ತಟ್ಟುತ್ತಿದ್ದೇವೆ ಎಂದು ತಿಳಿಯುವುದಿಲ್ಲ. ಅಂಗಡಿಯ ಸ್ವಂತ ವೆಬ್ ವಿಳಾಸವಾದರೆ ತಿಳಿಯುತ್ತದೆ. ನೋಂದಣಿಗೆ ಹೆಸರು, ಫೋನ್ ನಂಬರ್ ಸಾಕು. ಆ್ಯಪ್ ಇಳಿಸಿಕೊಳ್ಳಿ ಎಂದೋ ಒಟಿಪಿ ಕೊಡಿ ಎಂದೋ ಕೇಳುವ ಪುಟ ವೆಬಿನಾರಿನದಲ್ಲ, ಮೋಸಗಾರರದ್ದು.

ಇಷ್ಟೆಲ್ಲ ಆದ ಮೇಲೂ ಒಂದು ಎಡವಟ್ಟು ಉಳಿಯುತ್ತದೆ. ನೋಂದಣಿಯ ಲಿಂಕ್ ಬೇರೆ, ಸಭೆಗೆ ಸೇರುವ ಲಿಂಕ್ ಬೇರೆ. ಗುರುವಾರ ಪೌಣೆ ಮೂರಕ್ಕೆ ಹಲವರು ಹಳೆಯ ಸಂದೇಶ ಹುಡುಕಿ, ನೋಂದಣಿಯದನ್ನೇ ಮತ್ತೆ ಒತ್ತಿ, ಮತ್ತೆ ಹೆಸರು ತುಂಬಿ, ಏನೂ ತೆರೆಯದೆ ಕೈಬಿಡುತ್ತಾರೆ. ಸೇರುವ ಲಿಂಕನ್ನು ಮಧ್ಯಾಹ್ನ 2.30ಕ್ಕೆ ಹೊಸ ಸಂದೇಶದಲ್ಲಿ, ‘ಇದನ್ನು ಒತ್ತಿದರೆ ನೇರ ಒಳಗೆ’ ಎಂಬ ಒಂದೇ ಸಾಲಿನೊಂದಿಗೆ ಕಳಿಸಿದರೆ ಹುಡುಕಾಟ ತಪ್ಪುತ್ತದೆ.